ಸಹಾಯ ಬೇಕು: ಸೊಲ್ಲಾಪುರದ ಬಿಲ್‌ನಲ್ಲಿನ ತಪ್ಪುಗಳನ್ನು ಸರಿಪಡಿಸಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ತೊಗರಿ ಬೇಳೆ ಮಿಲ್ಲೊಂದರ ಲೆಕ್ಕಪತ್ರ ನೋಡಿಕೊಳ್ಳುವ ನಾನು, ಪ್ರತಿ ಖರೀದಿ ಬಿಲ್‌ಗೂ ಒಂದು ಚೀಟಿ ಲಗತ್ತಿಸಿ, ತಪ್ಪಿದ ಪ್ರತಿಯೊಂದು ನಿಯಮವನ್ನೂ ಅದರಲ್ಲಿ ಬೇರೆ ಬೇರೆಯಾಗಿ ಬರೆಯುತ್ತೇನೆ.

ಸೊಲ್ಲಾಪುರದಿಂದ ತರಿಸಿದ ಮೋಟಾರಿನ ಬಿಲ್‌ನಲ್ಲಿ ಬೆಲೆ ₹40,000, ಸಿಜಿಎಸ್‌ಟಿ ₹3,600, ಎಸ್‌ಜಿಎಸ್‌ಟಿ ₹3,600, ಕೊನೆಯಲ್ಲಿ ಲಾರಿ ಬಾಡಿಗೆ ₹1,500 ಸೇರಿ ₹48,700 ಎಂದಿದೆ. ಕೂಡಿ ನೋಡಿದರೆ ಮೊತ್ತ ಸರಿಯೇ ಬರುತ್ತದೆ. ಮೋಸ ಹೋಗುವುದೂ ಅಲ್ಲಿಯೇ. ಮಾರಾಟಗಾರರ ಜಿಎಸ್‌ಟಿ ಸಂಖ್ಯೆ 27ರಿಂದಲೂ ನಮ್ಮದು 29ರಿಂದಲೂ ಆರಂಭವಾಗುತ್ತದೆ, ಮಾಲು ಬಂದಿಳಿದದ್ದು ಕಲಬುರಗಿಯಲ್ಲಿ. ಆದ್ದರಿಂದ ಐಜಿಎಸ್‌ಟಿ ಹಾಕಬೇಕಿತ್ತು. ಅವರೇ ವಸೂಲು ಮಾಡಿದ ಬಾಡಿಗೆಯೂ ತೆರಿಗೆಯ ಮೌಲ್ಯಕ್ಕೆ ಸೇರಬೇಕಾದುದರಿಂದ ₹41,500ಕ್ಕೆ ಶೇ 18ರಂತೆ ತೆರಿಗೆ ₹7,470 ಆಗುತ್ತದೆ, ಅಂದರೆ ₹270 ಕಡಿಮೆ ಬಿದ್ದಿದೆ. ಇದಲ್ಲದೆ, ಅಂತರರಾಜ್ಯ ಬಿಲ್‌ನಲ್ಲಿ ಇರಲೇಬೇಕಾದ ಪೂರೈಕೆಯ ಸ್ಥಳದ ಅಂಕಣ ಖಾಲಿಯಿದೆ.

ಮಾರಾಟಗಾರರು ₹270ಕ್ಕೆ ಡೆಬಿಟ್ ನೋಟ್ ಕೊಟ್ಟರೆ ಸಾಕೆನ್ನುತ್ತಾರೆ. ಅದರಿಂದ ತೆರಿಗೆಯ ಬಗೆ ಸರಿಹೋಗುವುದಿಲ್ಲವಾದ್ದರಿಂದ, ಕ್ರೆಡಿಟ್ ನೋಟ್ ಪಡೆದು ಹೊಸ ಬಿಲ್ ಕೇಳುವುದೇ ಸರಿಯೆಂದು ನನಗನ್ನಿಸುತ್ತದೆ. ಇಂಥದ್ದನ್ನು ಸರಿಪಡಿಸಿಕೊಂಡವರು ಹೇಗೆ ಮಾಡಿದಿರಿ, ಅಲ್ಲಿಯವರೆಗೆ ಹೂಡುವಳಿ ತೆರಿಗೆಯ ಕ್ರೆಡಿಟ್ ಪಡೆಯದೆ ತಡೆಹಿಡಿದಿರಾ ಎಂಬುದನ್ನು ದಯವಿಟ್ಟು ತಿಳಿಸಿ.