ಪದಚರ್ಚೆ: ಕರಾರಿನಲ್ಲಿ ‘ಉಳಿದ ಷರತ್ತುಗಳು ಯಥಾಪ್ರಕಾರ’ ಅಂದ್ರೆ ಉಳಿದಿದ್ದು ಯಾವ್ದು?

ಎಲ್ಲರಿಗೂ ನಮಸ್ಕಾರ. ಹೊಸನಗರ ಕಡೆ ಇರೋ ನಮ್ಮ ಸೋದರಮಾವ ಅಡಿಕೆ ತೋಟದ ಫಸಲನ್ನ ಚೇಣಿಗೆ ಕೊಟ್ಟಿದಾರೆ. ಅದರ ಕಾಗದ ಮೂರಿದೆ, ಒಂದು ಮೂಲ ಕರಾರು, ಆಮೇಲಿಂದು ಎರಡು ತಿದ್ದುಪಡಿ. ಮೂರನ್ನೂ ಓದಿ ಈಗ ನಡೀತಿರೋ ಷರತ್ತು ಯಾವ್ಯಾವ್ದು ಅಂತ ಒಂದೇ ಹಾಳೇಲಿ ಬರ್ಕೊಡು ಅಂದ್ರು, ಸರಿ ಅಂತ ಕೂತೆ, ಕಲಂ 3ಕ್ಕೆ ಬಂದು ನಿಂತಿದೀನಿ.

2021ರ ಮೂಲ: “ಕ್ವಿಂಟಲ್ ಹಸಿ ಅಡಿಕೆಗೆ 12 ಕೆಜಿ ಒಣ ರಾಶಿ ಅಡಿಕೆಯನ್ನು ಚೇಣಿದಾರರು ಮಾರ್ಚ್ 31ರೊಳಗೆ ಕೊಡತಕ್ಕದ್ದು. ಹಸಿ ಅಡಿಕೆಯ ತೂಕ ತೋಟದ ಮಾಲೀಕರ ಅಂಗಳದಲ್ಲೇ ಆಗತಕ್ಕದ್ದು.”

2022ರ ತಿದ್ದುಪಡಿ: “ಕಲಂ 3ನ್ನು ಈ ಕೆಳಕಂಡಂತೆ ಮಾರ್ಪಡಿಸಿದೆ: ಕ್ವಿಂಟಲ್ ಹಸಿ ಅಡಿಕೆಗೆ 12.5 ಕೆಜಿ ಒಣ ರಾಶಿ ಅಡಿಕೆ ಕೊಡತಕ್ಕದ್ದು. ಉಳಿದ ಷರತ್ತುಗಳು ಯಥಾಪ್ರಕಾರ.”

2024ರ ಡಿಸೆಂಬರಿನದು: “ಮೂಲ ಕರಾರಿನ ಕಲಂ 3ರ ಪ್ರಮಾಣಕ್ಕೆ ಅರ್ಧ ಕೆಜಿ ಸೇರಿಸಿದೆ. ಸದರಿ ಕಲಂನ ಗಡುವನ್ನು ಏಪ್ರಿಲ್ 20ರವರೆಗೆ ವಿಸ್ತರಿಸಿದೆ.”

ಇಲ್ಲಿ ‘ಉಳಿದ’ ಅಂದ್ರೆ ಕಲಂ 3 ಬಿಟ್ಟು ಉಳಿದ ಕಲಂಗಳಾ, ಅಥವಾ ಕಲಂ 3ರ ಒಳಗೇ ಮುಟ್ಟದೆ ಬಿಟ್ಟ ಮಾತುಗಳೂ ಸೇರ್ತಾವಾ? ಮೊದಲನೇದಾದ್ರೆ ಗಡುವು, ಅಂಗಳದ ತೂಕ ಎರಡೂ 2022ರಲ್ಲೇ ಹೋದ ಹಾಗಾಯ್ತು. ಇನ್ನೊಂದು, ಅರ್ಧ ಕೆಜಿ ಸೇರಿಸೋದು 12ಕ್ಕಾ 12.5ಕ್ಕಾ? ತಿಳಿದವರು ಹೇಳಿ.

ಸಾಗರದಿಂದ:
ತಮ್ಮಾ, ಇಷ್ಟು ತಲೆ ಕೆಡಿಸ್ಕೊಳ್ಳೋದು ಬೇಡ. ಯಾವತ್ತಿದ್ರೂ ಕೊನೇ ಕಾಗದ ಊರ್ಜಿತ, ಹಿಂದಿನದೆಲ್ಲ ಬಿದ್ದುಹೋಗುತ್ತೆ. 2024ರದ್ದನ್ನೇ ಹಿಡ್ಕೊಳ್ಳಿ.

ಶಿಕಾರಿಪುರದಿಂದ:
ತಿದ್ದುಪಡಿ ಅಂದ್ರೆ ನಮ್ಮದೂ ಒಂದು ಕೇಸ್ ಇದೆ. ನಮ್ಮ ಕ್ರಯಪತ್ರದಲ್ಲಿ ಸರ್ವೆ ನಂಬರ್ ತಪ್ಪು ಬಿದ್ದಿತ್ತು, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ತಿದ್ದುಪಡಿ ಪತ್ರ ಮಾಡ್ಸಿದ್ವಿ, ಮಾರಿದವರೂ ಬಂದು ಸೈನ್ ಹಾಕ್ಬೇಕಾಯ್ತು. ಆಮೇಲೆ ಪಹಣಿಗೂ ಬೇರೆ ಓಡಾಟ. ನೀವೂ ಮೊದಲು ಅಲ್ಲಿಗೇ ಹೋಗಿ ವಿಚಾರಿಸಿ.

ತೀರ್ಥಹಳ್ಳಿಯಿಂದ:
ನಾನು ಬಹಳ ವರ್ಷ ಪತ್ರ ಬರೆಯೋ ಕೆಲಸ ಮಾಡಿದವಳು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಶಿಕಾರಿಪುರದ ಅಣ್ಣ ಹೇಳಿದ್ದು ಬೇರೆ ತಿದ್ದುಪಡಿ. ಅದು ಬರವಣಿಗೇಲಿ ಬಿದ್ದ ತಪ್ಪನ್ನ ಸರಿ ಮಾಡೋದು, ಹಾಗಾಗಿ ಮೂಲ ಪತ್ರ ಆದ ದಿನದಿಂದಲೇ ಸರಿಯಾಗಿತ್ತು ಅಂತ ಓದ್ತಾರೆ. ನಿಮ್ಮದರಲ್ಲಿ ತಪ್ಪೇನಿರಲಿಲ್ಲ, ಇಬ್ಬರೂ ಮನಸ್ಸು ಬದಲಾಯಿಸಿ ಹೊಸದಾಗಿ ಒಪ್ಪಿದ್ದು. ಇದು ಬೇರೆ ತಾರೀಕು ಹೇಳದೇ ಇದ್ರೆ ಸೈನ್ ಹಾಕಿದ ದಿನದಿಂದ ಮುಂದಕ್ಕೆ. ಎರಡಕ್ಕೂ ನಮ್ಮಲ್ಲಿ ತಿದ್ದುಪಡಿ ಅಂತಲೇ ಅನ್ನೋದ್ರಿಂದ ಗೊಂದಲ ಆಗೋದು.

ಸಾಗರದವರ ಮಾತು ಅರ್ಧ ಸರಿ. ಎರಡು ಕಾಗದ ಒಂದಕ್ಕೊಂದು ಅಡ್ಡ ಬಂದ ಕಡೆ ಮಾತ್ರ ಕೊನೇದು ಗೆಲ್ಲೋದು. ಅಡ್ಡ ಬರದ ಕಡೆ ಹಳೇದು ಹಾಗೇ ಇರುತ್ತೆ. 2024ರದ್ದೊಂದನ್ನೇ ಹಿಡ್ಕೊಂಡ್ರೆ ‘ಅರ್ಧ ಕೆಜಿ ಸೇರಿಸಿದೆ’ ಅನ್ನೋದಕ್ಕೆ ಅರ್ಥವೇ ಇಲ್ವಲ್ಲ, ಯಾವುದಕ್ಕೆ ಸೇರ್ಸೋದು?

ಈಗ ‘ಉಳಿದ’. ನಾವು ಪತ್ರ ಬರೆಯುವಾಗ ಕಲಂ ಪೂರ್ತಿ ತೆಗೆದು ಹೊಸದು ಇಡ್ಬೇಕಾದ್ರೆ ‘ಕಲಂ 3ರ ಬದಲಿಗೆ ಈ ಕೆಳಕಂಡ ಕಲಂ ಇರತಕ್ಕದ್ದು’ ಅಂತ ಬರೀತಿದ್ವಿ. ಒಂದು ಮಾತು ಮಾತ್ರ ಬದಲಾದ್ರೆ ‘ಕಲಂ 3ರಲ್ಲಿ 12 ಕೆಜಿ ಎಂದಿರುವಲ್ಲಿ 12.5 ಕೆಜಿ ಎಂದು ಓದಿಕೊಳ್ಳತಕ್ಕದ್ದು’ ಅಂತ. ‘ಮಾರ್ಪಡಿಸಿದೆ’ ಅನ್ನೋದು ಎರಡಕ್ಕೂ ಹೊಂದುತ್ತೆ, ಹಾಗಾಗಿ 2022ರ ಕಾಗದ ಒಂದನ್ನೇ ಓದಿದ್ರೆ ತೀರ್ಮಾನ ಆಗಲ್ಲ. ಆದ್ರೆ 2024ರದ್ದು ನೋಡಿ, ‘ಗಡುವನ್ನು ವಿಸ್ತರಿಸಿದೆ’ ಅಂತಿದೆ. ಇಲ್ಲದ ಗಡುವನ್ನ ಯಾರೂ ವಿಸ್ತರಿಸಲ್ಲ. ಅಂದ್ರೆ ಗಡುವು ಇನ್ನೂ ಇದೆ ಅಂತ ಇಬ್ಬರೂ ತಿಳ್ಕೊಂಡೇ ಸೈನ್ ಹಾಕಿದಾರೆ. 2022ರಲ್ಲಿ ಬದಲಾಗಿದ್ದು ಕೆಜಿ ಮಾತ್ರ ಅನ್ನೋದಕ್ಕೆ ಅವರದೇ ಸಾಕ್ಷಿ ಇದು.

ಅರ್ಧ ಕೆಜಿ ವಿಷಯ. ಅಕ್ಷರಕ್ಕೆ ಹೋದ್ರೆ ‘ಮೂಲ ಕರಾರಿನ’ ಅಂತಿದೆ, 12ಕ್ಕೆ ಅರ್ಧ ಸೇರಿದ್ರೆ 12.5. ಆದ್ರೆ 12.5 ಆಗ್ಲೇ 2022ರಿಂದ ಇತ್ತು! ಹಾಗೆ ಓದಿದ್ರೆ ಆ ಸಾಲು ಏನೂ ಮಾಡ್ದಂಗಾಯ್ತು. ಏನೂ ಬದಲಾಗದ ತಿದ್ದುಪಡಿಗೆ ಇಬ್ಬರು ಕೂತು ಬರೆಸಿದ್ರು ಅನ್ನೋದಕ್ಕಿಂತ, 13 ಮಾಡಿದ್ರು ಅನ್ನೋದೇ ನಂಬೋ ಮಾತು. ಮೂಲ ಕರಾರು ಅಂತ ಬರೆದಿದ್ದು ಕಲಂ ಯಾವ ಪತ್ರದ್ದು ಅಂತ ಗುರುತಿಸೋಕೆ ಇರ್ಬೇಕು. ಆದ್ರೂ ಇದು ಊಹೆ, ಚೇಣಿದಾರರು ಬೇರೆ ಹೇಳಬಹುದು.

ಹಾಳೆ ಬರೆಯುವಾಗ ಕಲಂ ಕಲಂ ಆಗಿ ಹೋಗ್ಬೇಡಿ, ಒಂದೊಂದು ಮಾತನ್ನೂ ಬಿಡಿಸಿ. ಪ್ರಮಾಣ ಒಂದು ಸಾಲು, ಗಡುವು ಒಂದು ಸಾಲು, ತೂಕದ ಜಾಗ ಒಂದು ಸಾಲು. ಪಕ್ಕದಲ್ಲಿ ಅದು ಯಾವ ಕಾಗದದಿಂದ ಬಂತು, ಯಾವ ತಾರೀಕಿನಿಂದ ಅಂತ ಹಾಕಿ. ಮಾತು ಕಾಗದದಲ್ಲಿರೋ ಹಾಗೇ ಇರ್ಲಿ, ನಿಮ್ಮ ಮಾತಲ್ಲಿ ಬೇಡ. ಅನುಮಾನ ಇರೋದನ್ನ ಅನುಮಾನ ಅಂತಲೇ ಬರೀರಿ.

ಕೇಳಿದವನ ಉತ್ತರ:
ಅಕ್ಕಾ, ತುಂಬಾ ಉಪಕಾರ ಆಯ್ತು. ಹಾಗೇ ಬಿಡಿಸಿದೆ. ಪ್ರಮಾಣ 13 ಕೆಜಿ (2024, ಅನುಮಾನ ಇದೆ), ಗಡುವು ಏಪ್ರಿಲ್ 20 (2024), ತೂಕ ಮಾಲೀಕರ ಅಂಗಳದಲ್ಲಿ (2021, ಆಮೇಲೆ ಯಾರೂ ಮುಟ್ಟಿಲ್ಲ). 80 ಕ್ವಿಂಟಲ್ ಹಸಿ ಅಡಿಕೆ ಅಂತ ಲೆಕ್ಕ ಹಾಕಿದ್ರೆ 12.5ಕ್ಕೆ 1000 ಕೆಜಿ, 13ಕ್ಕೆ 1040. 40 ಕೆಜಿ ರಾಶಿ ಅಂದ್ರೆ ಸಣ್ಣ ದುಡ್ಡಲ್ಲ. ಇನ್ನೊಂದು ಸಿಕ್ಕು ಈಗ ಕಾಣ್ತಿದೆ, ಆ ಸಲ ಮೊದಲನೇ ಕೊಯ್ಲು ನವೆಂಬರಲ್ಲೇ ಮುಗ್ದು ತೂಕ ಆಗಿತ್ತು, ಕಾಗದ ಆಗಿದ್ದು ಡಿಸೆಂಬರಲ್ಲಿ. ಆ ಕೊಯ್ಲಿಗೆ ಹಳೇ ಲೆಕ್ಕವಾ ಹೊಸದಾ? ಈ ಹಾಳೆಗೆ ಇಬ್ಬರ ಸೈನ್ ಹಾಕ್ಸಿ, ‘ಹಿಂದಿನ ಎಲ್ಲಾ ಕರಾರು ರದ್ದು’ ಅಂತ ಒಂದು ಸಾಲು ಸೇರಿಸಿಬಿಟ್ರೆ ಎಲ್ಲ ಮುಗೀತಲ್ವಾ?

ತೀರ್ಥಹಳ್ಳಿಯಿಂದ:
ಆ ಸಾಲು ದಯವಿಟ್ಟು ಹಾಗೇ ಹಾಕ್ಬೇಡಿ ತಮ್ಮಾ. ಸೈನ್ ಇಲ್ಲದಿದ್ರೆ ನಿಮ್ಮ ಹಾಳೆ ಬರೀ ಓದೋಕೆ ಅನುಕೂಲ, ಅಷ್ಟೇ. ಸೈನ್ ಹಾಕಿ ಹಿಂದಿನದು ರದ್ದು ಅಂದ್ರೆ ಅದೇ ಹೊಸ ಕರಾರಾಗುತ್ತೆ. 1872ರ ಕರಾರು ಕಾಯ್ದೆಯ 62ನೇ ಕಲಂ ಪ್ರಕಾರ ಹಳೇ ಕರಾರಿನ ಬದಲು ಹೊಸದು ಮಾಡ್ಕೊಂಡ್ರೆ ಹಳೇದನ್ನ ನಡೆಸಬೇಕಾಗಿಲ್ಲ. ಹಿಂದಿನ ವರ್ಷದ ಅಡಿಕೆ ಏನಾದ್ರೂ ಬಾಕಿ ಇದ್ರೆ ‘ಆ ಕರಾರೇ ಇಲ್ವಲ್ಲ’ ಅಂತ ವಾದ ಮಾಡೋಕೆ ದಾರಿ ಕೊಟ್ಟಂಗಾಗುತ್ತೆ. ‘ಈ ಹಿಂದಿನ ಹಂಗಾಮುಗಳ ಬಾಕಿಗೆ ಧಕ್ಕೆ ಬಾರದಂತೆ’ ಅಂತ ಸೇರಿಸಿಯೇ ಬರೆಸಿ. ನವೆಂಬರ್ ಕೊಯ್ಲಿಂದು ನಾನು ಹೇಳಿದ್ರೆ ತಪ್ಪಾಗುತ್ತೆ. ತಾರೀಕಿಗೆ ಹೋದ್ರೆ 12.5, ಆದ್ರೆ ಗಡುವು ಇಡೀ ಹಂಗಾಮಿಗೆ ಒಂದೇ ಇರೋದ್ರಿಂದ ಪ್ರಮಾಣವೂ ಒಂದೇ ಅಂತ ನಿಮ್ಮ ಮಾವ ಹೇಳಬಹುದು. ಆ ಸಲ ಲೆಕ್ಕ ಚುಕ್ತಾ ಮಾಡಿದ ಚೀಟಿ ಇದ್ರೆ ಹುಡುಕಿ, ಅದರಲ್ಲಿ ಯಾವ ಪ್ರಮಾಣ ಹಿಡಿದಿದಾರೆ ನೋಡಿ.

ಸಾಗರದಿಂದ:
ಸರಿ ಅಕ್ಕಾ, ಅಡ್ಡ ಬಂದ ಕಡೆ ಮಾತ್ರ ಅನ್ನೋದು ಒಪ್ಪಿದೆ. ಆದ್ರೆ ಅಂಗಳದ ತೂಕ 2022ರಲ್ಲೇ ಹೋಯ್ತು ಅಂತ ನಂಗೆ ಈಗ್ಲೂ ಅನ್ಸುತ್ತೆ. ಗಡುವನ್ನ 2024ರ ಕಾಗದ ಹೆಸರು ಹಿಡಿದು ಹೇಳ್ತು, ತೂಕದ ಮಾತು ಎಲ್ಲೂ ಎತ್ತಲಿಲ್ಲ.

ಕೇಳಿದವನ ಉತ್ತರ:
ಮಾವನ್ನ ಕೇಳ್ದೆ. 2022ರಿಂದ ಈಚೆಗೂ ಚೇಣಿದಾರರು ಅಂಗಳಕ್ಕೇ ತಕ್ಕಡಿ ತಂದು ತೂಗ್ತಿದಾರಂತೆ, ತಕರಾರಿಲ್ಲ. ಅದನ್ನೂ ಆ ಸಾಲಿನ ಪಕ್ಕ ಬರ್ದಿಟ್ಟೆ. ಚುಕ್ತಾ ಚೀಟಿ ಇನ್ನೂ ಸಿಕ್ಕಿಲ್ಲ, ಹುಡುಕ್ತಿದಾರೆ.