ಪದಚರ್ಚೆ: ‘ಮೋರಾ’ಕ್ಕೆ ‘ಮಾತ್ರೆ’ ಅನ್ನಬಹುದಾ? ಮತ್ತು ಮದ್ರಸದ ಒತ್ತು ಎಲ್ಲಿ?

ಎಲ್ಲರಿಗೂ ನಮಸ್ಕಾರ.

ನಾನು ಕುವೈತ್‌ನಲ್ಲಿದ್ದೇನೆ. ಹೊಸದಾಗಿ ಬರುವ ನಮ್ಮ ಕಡೆಯವರಿಗಾಗಿ ಅರಬ್ಬಿ ಮಾತಿನ ಸಣ್ಣ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಉಚ್ಚಾರಣೆಯ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡೆ. ನಾನು ನೋಡುತ್ತಿರುವ ಪುಸ್ತಕದಲ್ಲಿ ‘ಮೋರಾ’ ಎಂಬ ಮಾತು ಪದೇಪದೇ ಬರುತ್ತದೆ. ಓದಿದರೆ ನಮ್ಮ ಛಂದಸ್ಸಿನ ಮಾತ್ರೆಯ ಹಾಗೇ ಕಾಣುತ್ತದೆ. ಹಾಗೇ ಬರೆಯಬಹುದಾ?

ಇನ್ನೊಂದು ಸಂಶಯ. ಗುರು ಇದ್ದಲ್ಲಿ ಒತ್ತು ಬೀಳುತ್ತದೆ ಎಂದು ಆ ಪುಸ್ತಕ ಹೇಳುತ್ತದೆ. ಆದರೆ ನಮ್ಮ ಆಫೀಸಿನಲ್ಲಿ ಒಬ್ಬರು ದಮಾಸ್ಕಸ್‌ನವರು, ಒಬ್ಬರು ಕೈರೋದವರು. ‘ಮದ್ರಸ’ ಅನ್ನುವಾಗ ದಮಾಸ್ಕಸ್‌ನವರು ‘ಮದ್’ ಮೇಲೆ ಒತ್ತುತ್ತಾರೆ, ಕೈರೋದವರು ‘ರ’ ಮೇಲೆ. ‘ರ’ ಬರೀ ಲಘು ಅಲ್ವಾ? ಪಕ್ಕದಲ್ಲೇ ಗುರು ಕೂತಿರುವಾಗ ಒತ್ತು ಲಘುವಿಗೆ ಯಾಕೆ ಹೋಯಿತು?

ದಾವಣಗೆರೆಯಿಂದ:

ಅಕ್ಕ, ಇದರಲ್ಲಿ ತಲೆಕೆಡಿಸಿಕೊಳ್ಳುವುದೇನೂ ಇಲ್ಲ. ‘ದ್ರ’ದಲ್ಲಿ ಒತ್ತು ಇದೆಯಲ್ಲ, ದಕ್ಕೆ ರಕಾರದ ಒತ್ತು. ಕೈರೋದವರು ಬರೆದ ಹಾಗೇ ಓದುತ್ತಿದ್ದಾರೆ.

ಬೆಂಗಳೂರಿನಿಂದ:

ಸಾರ್, ಅವರು ಕೇಳಿದ್ದು ಒತ್ತಕ್ಷರವನ್ನಲ್ಲ, ದನಿಯ ಒತ್ತನ್ನು. ಅರಬ್ಬಿ ಲಿಪಿಯಲ್ಲಿ ಒತ್ತಕ್ಷರ ಎಲ್ಲಿಂದ ಬರಬೇಕು?

ನನಗೆ ಅನಿಸುವುದು ಇದು: ಒತ್ತಿ ಹೇಳಿದ್ದು ತಾನಾಗಿಯೇ ಉದ್ದವಾಗುತ್ತದೆ. ಅಂದರೆ ಒತ್ತು ಮೊದಲು, ಗುರು ಆಮೇಲೆ. ಇಟಾಲಿಯನ್ ಕಲಿಯುವಾಗ ನಮಗೆ ಹೀಗೇ ಹೇಳಿಕೊಟ್ಟಿದ್ದರು. ‘ಫಾತೊ’ದಲ್ಲಿ ಫಾ ಉದ್ದ ಆಗುವುದು ಒತ್ತು ಬಿದ್ದದ್ದಕ್ಕೇ.

ಹೈದರಾಬಾದಿನಿಂದ:

ಬೆಂಗಳೂರಿನವರು ಇಟಾಲಿಯನ್ ಬಗ್ಗೆ ಹೇಳಿದ್ದು ಸರಿ. ಅಲ್ಲಿ ಒತ್ತೇ ಸ್ವರವನ್ನು ಎಳೆಯುತ್ತದೆ. ಆದರೆ ಮದ್ರಸದಲ್ಲಿ ಆ ಮಾತು ನಿಲ್ಲುವುದಿಲ್ಲ. ಕೈರೋದಲ್ಲಿ ಒತ್ತು ‘ಮದ್’ ಬಿಟ್ಟು ಹೋದರೂ ದ್ ಎಲ್ಲೂ ಓಡಿಹೋಗುವುದಿಲ್ಲ. ಎರಡೂ ಊರಲ್ಲಿ ಅದು ‘ಮದ್’, ಎರಡು ಮಾತ್ರೆ. ಅಂದರೆ ತೂಕ ಮೊದಲೇ ಇದೆ, ಒತ್ತು ಅದನ್ನು ನೋಡಿಕೊಂಡು ಬರುತ್ತದೆ.

ಈಗ ಕೈರೋ ಲೆಕ್ಕ. ಮೊದಲ ತುದಿಯಿಂದ ಎರಡೆರಡು ಮಾತ್ರೆಯ ಕಟ್ಟು ಕಟ್ಟುತ್ತಾ ಹೋಗಿ. ಒಂದು ಗುರುವನ್ನು ಒಡೆದು ಎರಡು ಕಟ್ಟಿಗೆ ಹಂಚುವ ಹಾಗಿಲ್ಲ. ಪದದ ಕಟ್ಟಕಡೆಯ ವ್ಯಂಜನ ಲೆಕ್ಕಕ್ಕಿಲ್ಲ. ಕೊನೆಯ ಕಟ್ಟಿನ ಮೊದಲ ತುಂಡಿಗೆ ಒತ್ತು. ‘ಮದ್’ ಒಂದು ಕಟ್ಟು ಆಯಿತು. ಉಳಿದ ‘ರ’ ಮತ್ತು ‘ಸ’ ಸೇರಿ ಇನ್ನೊಂದು ಕಟ್ಟು. ಕೊನೆಯ ಕಟ್ಟು ಅದೇ, ಅದರ ಮೊದಲ ತುಂಡು ‘ರ’. ಅದಕ್ಕೇ ಒತ್ತು.

‘ಮಕ್ತಬ್’ ಅಂದರೆ ಆಫೀಸು. ‘ಮಕ್’ ಒಂದು ಕಟ್ಟು. ‘ತಬ್’ನ ಬ್ ಲೆಕ್ಕಕ್ಕಿಲ್ಲದ್ದರಿಂದ ಅಲ್ಲಿ ಒಂದೇ ಮಾತ್ರೆ, ಕಟ್ಟು ಆಗುವುದಿಲ್ಲ. ಒತ್ತು ‘ಮಕ್’ ಮೇಲೆ. ‘ಮಕ್ತಬ’ ಅಂದರೆ ಲೈಬ್ರರಿ. ಇಲ್ಲಿ ‘ತ’ ಮತ್ತು ‘ಬ’ ಸೇರಿ ಕಟ್ಟು ಆಯಿತು, ಒತ್ತು ಹಾರಿ ‘ತ’ ಮೇಲೆ ಕೂತಿತು. ಕೊನೆಯಲ್ಲಿ ಒಂದು ಸ್ವರ ಬಂದದ್ದಕ್ಕೆ ಇಷ್ಟು ಬದಲು.

ದಮಾಸ್ಕಸ್‌ನಲ್ಲಿ ಲೆಕ್ಕ ಕೊನೆಯಿಂದ ಶುರು. ಕೊನೆಯ ‘ಸ’ವನ್ನೇ ಪಕ್ಕಕ್ಕಿಡುತ್ತಾರೆ. ‘ರ’ ಒಂದೇ ಮಾತ್ರೆ, ಒಂಟಿಯಾಗಿ ಕಟ್ಟು ಆಗಲಾರದು. ಹಾಗಾಗಿ ಒತ್ತು ಹಿಂದೆ ಸರಿದು ‘ಮದ್’ಗೆ ಹೋಗುತ್ತದೆ. ‘ಕಿತಾಬ್’ನಂಥ ಪದದಲ್ಲಿ ಮಾತ್ರ ಕೊನೆಯದೇ ಅಷ್ಟು ಭಾರ ಇರುವುದರಿಂದ ಒತ್ತು ಅಲ್ಲಿಗೇ. ಅದು ಎರಡೂ ಊರಲ್ಲಿ ಒಂದೇ.

ಅಂದರೆ ಗುರು ಅಯಸ್ಕಾಂತದ ಹಾಗೆ ಒತ್ತನ್ನು ನೇರವಾಗಿ ಸೆಳೆಯುವುದಿಲ್ಲ. ಒತ್ತಿಗೆ ಎರಡು ಮಾತ್ರೆಯ ಜಾಗ ಬೇಕು. ಗುರುವಿನ ಹತ್ತಿರ ಅದು ಸ್ವಂತದ್ದಿದೆ, ಲಘು ಜೊತೆಗಾರನನ್ನು ಹುಡುಕಬೇಕು. ಕೈರೋದಲ್ಲಿ ‘ರ’ಗೆ ಜೊತೆ ಸಿಕ್ಕಿತು, ಅಷ್ಟೇ.

ಮೈಸೂರಿನಿಂದ:

ಮಾತ್ರೆ ಅನ್ನಿ, ಧಾರಾಳವಾಗಿ ಅನ್ನಿ. ‘ಒಡೆದು ಹಂಚುವ ಹಾಗಿಲ್ಲ’ ಅಂದದ್ದು ಓದಿ ನಮ್ಮ ಕಂದಪದ್ಯದ ನಾಲ್ಕು ಮಾತ್ರೆಯ ಗಣ ನೆನಪಾಯಿತು. ಅಲ್ಲೂ ಒಂದು ಗುರು ಎರಡು ಗಣಗಳಿಗೆ ಕಾಲು ಚಾಚುವಂತಿಲ್ಲ.

ಹೈದರಾಬಾದಿನವರು ದಮಾಸ್ಕಸ್ ಲೆಕ್ಕ ಹೇಳಿದಾಗ ಲ್ಯಾಟಿನ್ ನೆನಪಾಗಲಿಲ್ಲವೇ? ಅಲ್ಲೂ ಕೊನೆಯದನ್ನು ಬಿಟ್ಟು ಅದರ ಹಿಂದಿನದನ್ನು ನೋಡುವುದು. ಗುರುವಾದರೆ ಅಲ್ಲೇ ಒತ್ತು: ಅಮೀಕುಸ್‌ನಲ್ಲಿ ‘ಮೀ’. ಲಘುವಾದರೆ ಒಂದು ಹೆಜ್ಜೆ ಹಿಂದಕ್ಕೆ: ಫಕಿಲಿಸ್‌ನಲ್ಲಿ ‘ಫ’.

ಇದರಲ್ಲಿ ನನಗೆ ಖುಷಿ ಕೊಟ್ಟದ್ದು ‘ತೆನೆಬ್ರೈ’, ಕತ್ತಲು ಅಂತ ಅರ್ಥ. ನಮ್ಮ ಲೆಕ್ಕದಲ್ಲಿ ಬ್ರ ಮುಂದಿದ್ದರೆ ‘ನೆ’ ಗುರುವಾಗಬೇಕು. ಆದರೆ ಲ್ಯಾಟಿನ್ನವರು ಆಡುಮಾತಿನಲ್ಲಿ ಬ್ರ ಎರಡನ್ನೂ ಮುಂದಿನದಕ್ಕೇ ಸೇರಿಸಿ ‘ನೆ’ಯನ್ನು ಲಘುವಾಗಿ ಬಿಟ್ಟರು, ಒತ್ತು ‘ತೆ’ ಮೇಲೆ. ಪದ್ಯದಲ್ಲಿ ಬೇಕಾದರೆ ಗುರು ಮಾಡಿಕೊಳ್ಳುತ್ತಿದ್ದರು. ನಮ್ಮ ಹಳಗನ್ನಡದ ಶಿಥಿಲದ್ವಿತ್ವದ ದೂರದ ನೆಂಟ ಅನ್ನಬಹುದು. ‘ಅಮರ್ದು’ ಅನ್ನುವಲ್ಲಿ ರ್ದ ಇದ್ದರೂ ‘ಮ’ ಲಘುವಾಗಿಯೇ ಉಳಿಯಬಹುದು, ತೇಲಿಸಿ ಹೇಳಿದರೆ. ಮುಂದೆ ಸ್ಪ್ಯಾನಿಷ್‌ನಲ್ಲಿ ಅದೇ ಪದ ‘ತಿನಿಯೆಬ್ಲಾಸ್’ ಆಯಿತು, ಒತ್ತು ‘ನಿಯೆ’ ಮೇಲೆ. ಜನ ಅಷ್ಟರಲ್ಲಿ ಒತ್ತನ್ನು ಜಾಗ ಬದಲಿಸಿಬಿಟ್ಟಿದ್ದರು.

ಬೆಂಗಳೂರಿನಿಂದ:

ಸರಿ, ಒಪ್ಪಿದೆ. ಆದರೆ ಎರಡೇ ಮಾತ್ರೆ ಯಾಕೆ ಬೇಕು?

ಹೈದರಾಬಾದಿನಿಂದ:

ಇದಕ್ಕೆ ಎಲ್ಲರೂ ಒಪ್ಪುವ ಉತ್ತರ ಇಲ್ಲ. ಒಂದು ವಾದ ಕಿವಿಯದ್ದು. ಒತ್ತು ಅಂದರೆ ದನಿ ಏರಬೇಕು, ಇಳಿಯಬೇಕು. ಅದಕ್ಕೆ ದನಿಯುಳ್ಳ ಜಾಗ ಬೇಕು. ದೀರ್ಘ ಸ್ವರದಲ್ಲಿ ಅದು ಜಾಸ್ತಿ. ನ್, ಲ್ ಬಂದರೂ ದನಿ ಹರಿಯುತ್ತದೆ. ಕ್, ತ್ ಬಂದರೆ ಅಲ್ಲಿ ಬರೀ ಮೌನ. ಮಂಗೋಲಿಯಾದ ಖಾಲ್ಖಾ ಭಾಷೆಯಲ್ಲಿ ದೀರ್ಘ ಸ್ವರಕ್ಕೆ ಮಾತ್ರ ತೂಕ, ಹ್ರಸ್ವ ಸ್ವರದ ಮುಂದೆ ವ್ಯಂಜನ ಬಂದರೂ ಗುರುವಲ್ಲ. ಅದು ಈ ವಾದಕ್ಕೆ ಸರಿಹೊಂದುತ್ತದೆ. ಅರಬ್ಬಿಯ ‘ಮಕ್’ ಸರಿಹೊಂದುವುದಿಲ್ಲ. ಅಲ್ಲಿ ಕ್ ಬರೀ ಮೌನ, ಆದರೂ ಪೂರ್ತಿ ಒಂದು ಮಾತ್ರೆ.

ಹಾಗಾಗಿ ಕೈಪಿಡಿಯಲ್ಲಿ ಒಂದು ಎಚ್ಚರಿಕೆ ಇರಲಿ. ನಮ್ಮ ಗುರು-ಲಘುವಿನ ಪಟ್ಟಿಯನ್ನು ಹಾಗ್ಹಾಗೇ ಎಲ್ಲ ಭಾಷೆಗೂ ಹೊದಿಸಲಾಗದು. ಯಾವ ಭಾಷೆ ಯಾವುದನ್ನು ಗುರು ಅನ್ನುತ್ತದೆ ಎಂಬುದನ್ನು ಆಯಾ ಭಾಷೆಯನ್ನೇ ಕೇಳಬೇಕು.

ದಾವಣಗೆರೆಯಿಂದ:

ನಾನು ಒತ್ತಕ್ಷರ ಅಂದುಕೊಂಡೆ, ಬಿಡಿ. ಹಾಗಾದರೆ ಕನ್ನಡದಲ್ಲಿ ಒತ್ತು ಎಲ್ಲಿ? ನಾವು ‘ಬರ್ತೀನಿ’ ಅನ್ನುವಾಗ ‘ತೀ’ ಎಳೆಯುತ್ತೇವೆ.

ಮೈಸೂರಿನಿಂದ:

ಮೊದಲ ಅಕ್ಷರದಲ್ಲಿ ಒಂಚೂರು ಒತ್ತು ಇದೆ ಅನ್ನುವವರಿದ್ದಾರೆ. ನನ್ನ ಕಿವಿಗೆ ಹಾಗೆ ಕೇಳುವುದಿಲ್ಲ. ‘ತೀ’ ಎಳೆಯುವುದು ಅದು ದೀರ್ಘವಾದ್ದರಿಂದ. ಉದ್ದ ಬೇರೆ, ಒತ್ತು ಬೇರೆ. ಕನ್ನಡದ ಮಾತ್ರೆ ಪದ್ಯದ ಲೆಕ್ಕಕ್ಕೆ ದುಡಿಯುತ್ತದೆ, ಒತ್ತಿಗಾಗಿ ಅಷ್ಟಾಗಿ ಅಲ್ಲ.

ಕುವೈತ್‌ನಿಂದ:

ಎಲ್ಲರಿಗೂ ವಂದನೆ. ಇವತ್ತು ಪರೀಕ್ಷೆ ಮಾಡಿಯೇಬಿಟ್ಟೆ. ‘ಮುದರ್ರಿಸ್’, ಅಂದರೆ ಮೇಷ್ಟ್ರು, ಇಬ್ಬರೂ ‘ದರ್’ ಮೇಲೆ ಒತ್ತಿದರು. ‘ಮಕ್ತಬ್’ ಕೂಡ ಇಬ್ಬರದ್ದೂ ಒಂದೇ. ‘ಮಕ್ತಬ’ಕ್ಕೆ ಬಂದಾಗ ಬೇರೆಯಾದರು, ಹೈದರಾಬಾದಿನವರು ಹೇಳಿದ ಹಾಗೇ. ಕೈರೋದವರು ದಿನಪತ್ರಿಕೆಯ ಗ್ರಾಂಥಿಕ ಅರಬ್ಬಿ ಓದಿದಾಗಲೂ ‘ತ’ ಮೇಲೆಯೇ ಒತ್ತಿದರು.

ಮೋರಾಕ್ಕೆ ಮಾತ್ರೆ ಅಂತ ಹಾಕಿದೆ. ದಾವಣಗೆರೆಯ ಸಾರ್ ತಪ್ಪು ತಿಳಿದದ್ದು ಒಳ್ಳೆಯದೇ ಆಯಿತು, ‘ಒತ್ತು’ ಅಂತ ಒಂದೇ ಬರೆದರೆ ಓದುವವರು ಎಡವುತ್ತಾರೆ. ‘ದನಿಯ ಒತ್ತು’ ಅಂತ ಮಾಡಿದೆ.

ಒಂದು ತೊಂದರೆ ಉಳಿದಿದೆ. ಒತ್ತು ಬೀಳುವ ತುಂಡನ್ನು ದಪ್ಪ ಅಕ್ಷರದಲ್ಲಿ ತೋರಿಸೋಣ ಅಂದುಕೊಂಡಿದ್ದೆ. ಕೈರೋದ ಮದ್ರಸದಲ್ಲಿ ‘ರ’ ದಪ್ಪ ಮಾಡಬೇಕು. ಆದರೆ ನಮ್ಮ ಲಿಪಿಯಲ್ಲಿ ಅದು ದಕಾರದ ಕೆಳಗೆ ಕೂತಿದೆ, ಒಂದನ್ನು ದಪ್ಪ ಮಾಡಿದರೆ ಇನ್ನೊಂದೂ ಆಗುತ್ತದೆ. ದ್ ಆದಮೇಲೆ ಕಣ್ಣಿಗೆ ಕಾಣದ ಸಂಕೇತ `U+200C` ಹಾಕಿ ‘ಮದ್‌ರಸ’ ಅಂತ ಬಿಡಿಸಿದೆ. ಕಂಪ್ಯೂಟರಿನಲ್ಲಿ ಸರಿ ಬರುತ್ತದೆ. ನನ್ನ ಹಳೆಯ ಫೋನಿನಲ್ಲಿ ಮತ್ತೆ ಕೂಡಿಕೊಳ್ಳುತ್ತಿದೆ. ನಿಮ್ಮಲ್ಲಿ ಹೇಗೆ ಕಾಣುತ್ತದೆ, ಹೇಳಿ.