ಸಹಾಯ ಬೇಕು: ಅಪ್‌ಡೇಟ್ ನಂತರ ಪದೇ ಪದೇ ರೀಸ್ಟಾರ್ಟ್ ಆಗುವ ಫೋನ್, ಸರ್ವಿಸ್ ಸೆಂಟರ್‌ಗೆ ದೂರು ಪತ್ರ

ಸದಸ್ಯರಿಗೆ ನಮಸ್ಕಾರ. ಕಂಪನಿಯೇ ಕಳುಹಿಸಿದ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿಕೊಂಡ ರಾತ್ರಿಯಿಂದ ನನ್ನ ಫೋನ್ ಲೋಗೋ ತೋರಿಸಿ, ಕ್ಷಣಕಾಲ ತೆರೆದು, ಮತ್ತೆ ರೀಸ್ಟಾರ್ಟ್ ಆಗುತ್ತಿದೆ. ವಾರಂಟಿ ಮುಗಿದಿರುವುದರಿಂದ ಮದರ್‌ಬೋರ್ಡ್ ಬದಲಿಸಲು ಹಣ ಕೊಡಬೇಕೆಂದು ಸರ್ವಿಸ್ ಸೆಂಟರ್‌ನವರು ಹೇಳುತ್ತಾರೆ. ಅವರಿಗೆ ಕೊಡಲು ಬರೆದಿರುವ ಪತ್ರದ ಮುಖ್ಯ ಭಾಗ ಹೀಗಿದೆ:

"ಮಾನ್ಯರೇ, ಅಪ್‌ಡೇಟ್‌ಗೆ ಮುನ್ನ ಈ ಫೋನ್ ಕೆಳಗೆ ಬಿದ್ದಿಲ್ಲ, ನೀರು ತಾಗಿಲ್ಲ, ಹೊರಗೆಲ್ಲೂ ಬಿಚ್ಚಿಸಿಲ್ಲ. ನಾನು ಹಾಕಿಕೊಂಡ ಆ್ಯಪ್‌ಗಳು ಕೆಲಸ ಮಾಡದ ಸೇಫ್ ಮೋಡ್‌ನಲ್ಲಿಯೂ, ಫ್ಯಾಕ್ಟರಿ ರೀಸೆಟ್ ಮಾಡಿದ ನಂತರವೂ ದೋಷ ಮುಂದುವರಿದಿರುವುದರಿಂದ, ಆ್ಯಪ್‌ಗಳೇ ಇದಕ್ಕೆ ಕಾರಣವೆನ್ನಲು ಆಧಾರವಿಲ್ಲ. ಆದ್ದರಿಂದ ಮೊದಲು ಸಾಫ್ಟ್‌ವೇರನ್ನು ಮರುಸ್ಥಾಪಿಸಿ ನೋಡಬೇಕು. ಅದರಿಂದಲೂ ಸರಿಹೋಗದಿದ್ದರೆ ಬೋರ್ಡನ್ನು ಉಚಿತವಾಗಿ ದುರಸ್ತಿ ಮಾಡಿಕೊಡಬೇಕು. ನಿರಾಕರಿಸುವುದಾದರೆ ಪರೀಕ್ಷೆಯಲ್ಲಿ ಕಂಡ ಕಾರಣವನ್ನು ಜಾಬ್ ಶೀಟ್‌ನಲ್ಲಿ ಬರೆದುಕೊಡಬೇಕೆಂದು ಕೋರುತ್ತೇನೆ."

ಬೋರ್ಡ್‌ನಲ್ಲಿ ಮೊದಲೇ ಸಡಿಲವಾಗಿದ್ದ ಬೆಸುಗೆ, ಅಪ್‌ಡೇಟ್ ವೇಳೆಯ ಬಿಸಿಗೆ ಬಿಟ್ಟಿರಬಹುದೆಂದು ಅವರು ವಾದಿಸಬಹುದು, ಅದು ಅಸಾಧ್ಯವೂ ಅಲ್ಲ. ಅದಕ್ಕಾಗಿಯೇ ಲಿಖಿತ ಕಾರಣ ಕೇಳಿದ್ದೇನೆ. ಕೌಂಟರ್‌ನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ನಾಳೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ಬಿಲ್, ಐಎಂಇಐ ಸಂಖ್ಯೆ, ರೀಸ್ಟಾರ್ಟ್ ಆಗುವ ವಿಡಿಯೊ ಮತ್ತು ಬಿಲ್ಡ್ ನಂಬರಿನ ಫೋಟೊ ಲಗತ್ತಿಸುತ್ತಿದ್ದೇನೆ.

ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ, ನಂತರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡುವುದಾಗಿ ಈ ಪತ್ರದಲ್ಲಿಯೇ ಬರೆಯಬೇಕೇ, ಅಥವಾ ಅವರ ಉತ್ತರ ಬರುವವರೆಗೆ ಕಾಯುವುದು ಒಳಿತೇ? ವಾರಂಟಿ ಮುಗಿದ ಮೇಲೂ ಉಚಿತ ದುರಸ್ತಿ ಪಡೆದವರು ಯಾವ ದಾಖಲೆ ನೆರವಾಯಿತೆಂದು ದಯವಿಟ್ಟು ತಿಳಿಸಿ.